ತಾಳೆಯಾದರಷ್ಟೇ ಪರದೆಗೆ

2020ರ ಅಕ್ಟೋಬರ್ 4, ಭಾನುವಾರ. ಬ್ರಿಟನ್ನಿನ ಸರ್ಕಾರಿ ಕೋವಿಡ್ ಡ್ಯಾಶ್‌ಬೋರ್ಡಿನಲ್ಲಿ ಅಂದಿನ ಹೊಸ ಪ್ರಕರಣಗಳು 22,961 ಎಂದು ಬಂತು. ಹಿಂದಿನ ದಿನದ ಸಂಖ್ಯೆ 12,872. ರೋಗ ಒಂದೇ ರಾತ್ರಿಯಲ್ಲಿ ಹೀಗೆ ಜಿಗಿದದ್ದಲ್ಲ. ಸೆಪ್ಟೆಂಬರ್ 25ರಿಂದ ಅಕ್ಟೋಬರ್ 2ರವರೆಗಿನ 15,841 ಪ್ರಕರಣಗಳು ಲೆಕ್ಕಕ್ಕೇ ಬಂದಿರಲಿಲ್ಲ. ಅವನ್ನು ಆ ವಾರಾಂತ್ಯದಲ್ಲಿ ಸೇರಿಸಿದ್ದರಿಂದ ಸಂಖ್ಯೆ ಉಬ್ಬಿತ್ತು.

ಬಿಟ್ಟುಹೋದ ಬಗೆ ಕೇಳಿದರೆ ನಗಬೇಕೋ ಅಳಬೇಕೋ ತಿಳಿಯದು. ಖಾಸಗಿ ಪ್ರಯೋಗಾಲಯಗಳು ಪರೀಕ್ಷಾ ಫಲಿತಾಂಶಗಳನ್ನು ಸಾದಾ ಪಠ್ಯದ ಕಡತಗಳಲ್ಲಿ ಕಳಿಸುತ್ತಿದ್ದವು. ಅಲ್ಲಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಅವನ್ನು ತಾನಾಗಿಯೇ ಎಕ್ಸೆಲ್ ಹಾಳೆಗೆ ಎಳೆದುಕೊಳ್ಳುವ ವ್ಯವಸ್ಥೆ ಮಾಡಿಕೊಂಡಿತ್ತು. ಆ ಹಾಳೆ ಹಳೆಯ XLS ಮಾದರಿಯದು. ಅದರಲ್ಲಿ 65,536 ಸಾಲುಗಳಿಗಷ್ಟೇ ಜಾಗ. 2007ರಿಂದ ಬಳಕೆಯಲ್ಲಿರುವ ಹೊಸ ಮಾದರಿಯಲ್ಲಾಗಿದ್ದರೆ 10,48,576 ಸಾಲುಗಳು ಹಿಡಿಯುತ್ತಿದ್ದವು. ಒಬ್ಬರ ಪರೀಕ್ಷೆಗೆ ಹಲವು ಸಾಲುಗಳು ಬೇಕಾಗುತ್ತಿದ್ದುದರಿಂದ ಒಂದು ಹಾಳೆಗೆ ಸುಮಾರು 1,400 ಪ್ರಕರಣಗಳಷ್ಟೇ ಹಿಡಿಯುತ್ತಿದ್ದವು. ಮಿಕ್ಕವು ಸದ್ದಿಲ್ಲದೆ ಬಿದ್ದುಹೋದವು. ಸೋಂಕು ತಗುಲಿದವರಿಗೆ ಅವರ ಫಲಿತಾಂಶವೇನೋ ತಲುಪಿತ್ತು. ಆದರೆ ಅವರ ಸಂಪರ್ಕಕ್ಕೆ ಬಂದವರನ್ನು ಹುಡುಕುವ ತಂಡದ ಕೈಗೆ ಆ ಹೆಸರುಗಳು ಹೊತ್ತಿಗೆ ಸರಿಯಾಗಿ ಸಿಗಲಿಲ್ಲ.

ನಾನು ಇಲ್ಲಿ ಹೇಳಹೊರಟಿರುವುದು ಎಕ್ಸೆಲ್ ಕತೆಯನ್ನಲ್ಲ. ಆ ಎಂಟು ದಿನವೂ ಡ್ಯಾಶ್‌ಬೋರ್ಡ್ ಎಂದಿನಂತೆ ಬದಲಾಗುತ್ತಲೇ ಇತ್ತು. ಹೊಸ ದಿನಾಂಕ, ಹೊಸ ಅಂಕಿ, ಮೇಲೇರುವ ಗೆರೆ ಎಲ್ಲವೂ ಇದ್ದವು. ಕಂಪ್ಯೂಟರಿನ ಮಟ್ಟಿಗೆ ಕೆಲಸ ಆಗಿತ್ತು. ‘ರಿಫ್ರೆಶ್ ಯಶಸ್ವಿ’ ಎಂಬ ಹಸಿರು ಗುರುತಿಗೆ ಇರುವ ಅರ್ಥ ಇಷ್ಟೇ: ಕಡತ ಸಿಕ್ಕಿತು, ಓದಿದೆ, ಪರದೆಗೆ ಹಾಕಿದೆ. ಓದಿದ್ದು ಪೂರ್ತಿಯೋ ಅರೆಬರೆಯೋ ಎಂಬುದು ಅದಕ್ಕೆ ತಿಳಿಯುವುದಿಲ್ಲ. ಅದನ್ನು ತಿಳಿಯಬೇಕಾದರೆ ಬೇರೆ ದಾರಿಯಿಂದ ಬಂದ ಇನ್ನೊಂದು ಮೊತ್ತ ಪಕ್ಕದಲ್ಲಿರಬೇಕು. ನಮ್ಮಲ್ಲಿಂದ ಇಂದು ಇಷ್ಟು ಪಾಸಿಟಿವ್ ಹೋಗಿವೆ ಎಂದು ಪ್ರಯೋಗಾಲಯ ತಾನೇ ಎಣಿಸಿ ಬರೆದ ಒಂದು ಸಂಖ್ಯೆ ಸಾಕಿತ್ತು. ಪರದೆಗೆ ಹೋಗುವ ಮುನ್ನ ಪ್ರತಿದಿನ ಆ ಸಂಖ್ಯೆಯನ್ನು ತಮ್ಮ ಮೊತ್ತದ ಜೊತೆ ತಾಳೆ ನೋಡಿದ್ದರೆ ಕೊರತೆ ಮೊದಲ ದಿನವೇ ಕಣ್ಣಿಗೆ ಬೀಳುತ್ತಿತ್ತು. ಆಮೇಲೆ ಅವರು ಮಾಡಿದ ರಿಪೇರಿ ಎಂದರೆ ದೊಡ್ಡ ಕಡತಗಳನ್ನು ಚಿಕ್ಕ ಚಿಕ್ಕ ಕಂತುಗಳಾಗಿ ಒಡೆದದ್ದು. ಸಾಲಿನ ಮಿತಿಗೆ ಅದು ಮದ್ದು, ನಿಜ. ನಾಳೆ ಬೇರೊಂದು ಕಾರಣಕ್ಕೆ ಸಾಲುಗಳು ಬಿದ್ದರೆ ಒಡೆದ ಕಡತ ಏನನ್ನೂ ಹೇಳುವುದಿಲ್ಲ.

ದೊಡ್ಡ ದೇಶದ ಮಾತು ಬಿಟ್ಟು ಊರಿನ ವ್ಯಾಪಾರಕ್ಕೆ ಬರೋಣ. ಈ ತಾಳೆಯ ಕೆಲಸ ಹೇಗೆ ನಡೆಯುತ್ತದೆ ಎಂಬುದು ಚಿಕ್ಕ ಲೆಕ್ಕದಲ್ಲೇ ಚೆನ್ನಾಗಿ ಕಾಣುತ್ತದೆ. ಮೈಸೂರಿನ ಸುತ್ತಮುತ್ತ ಆರು ಸಿದ್ಧ ಉಡುಪಿನ ಅಂಗಡಿಗಳಿರುವ ಒಬ್ಬ ಮಾಲೀಕರಿದ್ದಾರೆ ಎಂದಿಟ್ಟುಕೊಳ್ಳಿ. ಆರೂ ಕಡೆ ಬಿಲ್ಲು ಹಾಕುವ ಸಾಫ್ಟ್‌ವೇರ್ ಇದೆ. ರಾತ್ರಿ ಎರಡು ಗಂಟೆಗೆ ಒಂದು ಪ್ರೋಗ್ರಾಂ ಎಲ್ಲ ಅಂಗಡಿಗಳ ಬಿಲ್ಲುಗಳನ್ನು ಒಂದೆಡೆ ತಂದು ಕೂಡಿಸುತ್ತದೆ. ಬೆಳಿಗ್ಗೆ ಏಳಕ್ಕೆ ಕಾಫಿ ಲೋಟದ ಪಕ್ಕದಲ್ಲಿ ಫೋನಿನ ಡ್ಯಾಶ್‌ಬೋರ್ಡ್ ತೆರೆದರೆ ನಿನ್ನೆಯ ವ್ಯಾಪಾರ ಕಾಣಬೇಕು. ಯಾವ ಅಂಗಡಿಗೆ ಸರಕು ಕಳಿಸಬೇಕು, ಎಲ್ಲಿ ಇನ್ನೊಬ್ಬ ಸೇಲ್ಸ್‌ಮನ್ ಬೇಕು ಎಂಬುದನ್ನು ಅವರು ಇದನ್ನೇ ನೋಡಿ ತೀರ್ಮಾನಿಸುತ್ತಾರೆ.

ಈಗ ಎರಡನೆಯ ಮೊತ್ತ ಎಲ್ಲಿಂದ ತರಬೇಕು? ಇಡೀ ವಿದ್ಯೆ ಇರುವುದು ಈ ಪ್ರಶ್ನೆಯಲ್ಲೇ. ಅನೇಕರು ಮಾಡುವುದು ಹೀಗೆ: ಬಿಲ್ಲುಗಳ ಕೋಷ್ಟಕದಿಂದ ಡ್ಯಾಶ್‌ಬೋರ್ಡಿನ ಮೊತ್ತ ಬರುತ್ತದೆ, ಅದೇ ಕೋಷ್ಟಕವನ್ನು ಇನ್ನೊಂದು ಪ್ರೋಗ್ರಾಂನಿಂದ ಮತ್ತೊಮ್ಮೆ ಕೂಡಿಸಿ ‘ಸರಿಯಿದೆ’ ಎನ್ನುತ್ತಾರೆ. ಇದು ಪರೀಕ್ಷೆಯಲ್ಲಿ ಪಕ್ಕದವನ ಉತ್ತರವನ್ನು ನಕಲು ಮಾಡಿ, ಆಮೇಲೆ ಅವನದರ ಜೊತೆಗೇ ಹೋಲಿಸಿ ಸಮಾಧಾನಪಟ್ಟ ಹಾಗೆ. ಕೋಷ್ಟಕಕ್ಕೆ ಬರುವ ಮೊದಲೇ ಸಾಲು ಬಿದ್ದಿದ್ದರೆ ಎರಡೂ ಮೊತ್ತ ಒಂದೇ ಆಗಿರುತ್ತವೆ, ಎರಡೂ ತಪ್ಪಾಗಿರುತ್ತವೆ. ಅಕೌಂಟೆಂಟರ ಟ್ಯಾಲಿಯಲ್ಲಿ ಇರುವ ಮಾರಾಟದ ಮೊತ್ತದ ಜೊತೆ ಹೋಲಿಸಬಹುದಲ್ಲ ಎಂದರೆ, ಟ್ಯಾಲಿಗೆ ಆ ಅಂಕಿ ಬಂದದ್ದು ಹೇಗೆ ಎಂದು ಕೇಳಬೇಕು. ಅದೇ ರಾತ್ರಿಯ ಕಡತದಿಂದ ತುಂಬಿಸಿದ್ದಾದರೆ ಅದೂ ಅದೇ ನೀರು, ನಲ್ಲಿ ಮಾತ್ರ ಬೇರೆ.

ನಮ್ಮ ಮಾಲೀಕರಿಗೆ ಎರಡು ಸ್ವತಂತ್ರ ಮೂಲಗಳಿವೆ. ಒಂದು, ರಾತ್ರಿ ಅಂಗಡಿ ಮುಚ್ಚುವಾಗ ಬಿಲ್ಲಿಂಗ್ ಯಂತ್ರ ಮುದ್ರಿಸುವ ದಿನಾಂತ್ಯದ ಚೀಟಿ. ಅದರಲ್ಲಿ ಇಂದು ಎಷ್ಟು ಬಿಲ್ಲಾಯಿತು ಎಂಬ ಎಣಿಕೆ ಇರುತ್ತದೆ. ದತ್ತಾಂಶ ಅಂಗಡಿಯಿಂದ ಹೊರಡುವ ಮುಂಚೆಯೇ ಎಣಿಸಿದ್ದರಿಂದ ದಾರಿಯಲ್ಲಿ ಏನು ಬಿದ್ದರೂ ಅದಕ್ಕೆ ತಗುಲುವುದಿಲ್ಲ. ಇನ್ನೊಂದು ನಿಜವಾದ ದುಡ್ಡು: ಕ್ಯಾಷಿಯರ್ ಗಲ್ಲಾಪೆಟ್ಟಿಗೆಯ ನಗದನ್ನು ಎಣಿಸಿ, ಬೆಳಿಗ್ಗೆ ಚಿಲ್ಲರೆಗೆಂದು ಇಟ್ಟುಕೊಂಡಿದ್ದನ್ನು ಕಳೆದು ಬರೆಯುವ ಮೊತ್ತ, ಅದರ ಜೊತೆಗೆ ಬ್ಯಾಂಕಿನಿಂದ ಬರುವ ಯುಪಿಐ ಮತ್ತು ಕಾರ್ಡ್ ವರದಿ. ಇದಕ್ಕೂ ಬಿಲ್ಲಿಂಗ್ ಸಾಫ್ಟ್‌ವೇರಿಗೂ ಸಂಬಂಧವೇ ಇಲ್ಲ. ಇಲ್ಲೊಂದು ಎಚ್ಚರಿಕೆ ಬೇಕು. ಕಾರ್ಡಿನ ಹಣ ಬ್ಯಾಂಕ್ ಖಾತೆಗೆ ಬರುವಾಗ ಕಮಿಷನ್ ಕಳೆದು, ಬಹುತೇಕ ಮರುದಿನ ಬರುತ್ತದೆ. ಪಾಸ್‌ಬುಕ್ಕಿನಲ್ಲಿ ಜಮಾ ಆದದ್ದನ್ನು ಹೋಲಿಸಿದರೆ ದಿನವೂ ಸುಳ್ಳು ವ್ಯತ್ಯಾಸ ಕಾಣುತ್ತದೆ. ಹೋಲಿಸಬೇಕಾದದ್ದು ವರದಿಯಲ್ಲಿರುವ, ಕಮಿಷನ್ ಕಳೆಯುವ ಮೊದಲಿನ ಮೊತ್ತ, ಅದೂ ವ್ಯವಹಾರ ನಡೆದ ದಿನಾಂಕದ ಪ್ರಕಾರ.

ಹಬ್ಬದ ವಾರದ ಒಂದು ಬೆಳಿಗ್ಗೆ. ಡ್ಯಾಶ್‌ಬೋರ್ಡಿಗೆ ಹೋಗಲು ಸಿದ್ಧವಾದ ಮೊತ್ತ 4,86,320 ರೂಪಾಯಿ. ಗಲ್ಲಾಪೆಟ್ಟಿಗೆ ಮತ್ತು ಬ್ಯಾಂಕಿನ ಮೊತ್ತ 4,61,870. ವ್ಯತ್ಯಾಸ 24,450, ಅಂದರೆ ಶೇಕಡ ಐದಕ್ಕಿಂತ ತುಸು ಹೆಚ್ಚು. ತಾಳೆ ನೋಡುವವರಿಲ್ಲದಿದ್ದರೆ ಈ ಮೊತ್ತ ಯಾರಿಗೂ ಅನುಮಾನ ಹುಟ್ಟಿಸುತ್ತಿರಲಿಲ್ಲ. ಹಬ್ಬವಲ್ಲವೇ, ವ್ಯಾಪಾರ ಸ್ವಲ್ಪ ಜೋರಾಗಿದೆ ಎಂದುಕೊಳ್ಳುತ್ತಿದ್ದರು. ನನ್ನ ಅನುಭವದಲ್ಲಿ ಕಡಿಮೆ ತೋರಿಸಿದ ತಪ್ಪಿಗೆ ಆ ದಿನವೇ ಫೋನು ಬರುತ್ತದೆ, ಹೆಚ್ಚು ತೋರಿಸಿದ ತಪ್ಪು ತಿಂಗಳುಗಟ್ಟಲೆ ಬದುಕುತ್ತದೆ. ಸಿಹಿ ಸುದ್ದಿಯನ್ನು ಯಾರೂ ಕೆದಕುವುದಿಲ್ಲ.

ಒಟ್ಟು ಮೊತ್ತ ಕೂಡಲಿಲ್ಲ ಎಂದಷ್ಟೇ ತಿಳಿದರೆ ಹುಡುಕುವುದು ಕಷ್ಟ. ಅದಕ್ಕೇ ಹೋಲಿಕೆ ಅಂಗಡಿವಾರು ನಡೆಯುತ್ತದೆ. ಐದು ಅಂಗಡಿಗಳಲ್ಲಿ ಮೂರು ರೂಪಾಯಿಗೆ ರೂಪಾಯಿ ಕೂಡಿದವು. ಒಂದರಲ್ಲಿ 10 ರೂಪಾಯಿ ಹೆಚ್ಚು, ಮತ್ತೊಂದರಲ್ಲಿ 10 ಕಡಿಮೆ, ಅದು ಚಿಲ್ಲರೆಯ ಹೆಚ್ಚುಕಮ್ಮಿ. ಒಟ್ಟಿನಲ್ಲಿ ಈ ಎರಡೂ ಒಂದನ್ನೊಂದು ಮುಚ್ಚಿಕೊಂಡು ಮಾಯವಾಗಿದ್ದವು ಎಂಬುದನ್ನು ಗಮನಿಸಿ. ಹತ್ತು ರೂಪಾಯಿಯ ಜಾಗದಲ್ಲಿ ಹತ್ತು ಸಾವಿರವಿದ್ದರೂ ಹೀಗೆಯೇ ಮಾಯವಾಗುತ್ತಿತ್ತು. ಒಂದು ಅಂಗಡಿಯ ಬಿಲ್ಲು ಇನ್ನೊಂದರ ಹೆಸರಿಗೆ ಬಿದ್ದಾಗ ಆಗುವುದು ಇದೇ. ಆರನೆಯ ಅಂಗಡಿಯಲ್ಲಿ ಡ್ಯಾಶ್‌ಬೋರ್ಡಿನ ಮೊತ್ತ 1,12,930, ದುಡ್ಡಿನ ಮೊತ್ತ 88,480. ಇಡೀ 24,450 ಅಲ್ಲೇ ಕೂತಿತ್ತು.

ಮುಂದಿನ ಸುಳಿವು ಎಣಿಕೆಯದು. ಆ ಅಂಗಡಿಯ ದಿನಾಂತ್ಯದ ಚೀಟಿಯಲ್ಲಿ 39 ಬಿಲ್ಲುಗಳು. ಡ್ಯಾಶ್‌ಬೋರ್ಡಿನ ಕೋಷ್ಟಕದಲ್ಲಿ ಬೇರೆ ಬೇರೆ ಬಿಲ್ ಸಂಖ್ಯೆಗಳನ್ನು ಎಣಿಸಿದರೂ 39. ಆದರೆ ಸಾಲುಗಳನ್ನು ಎಣಿಸಿದರೆ 54. ಹದಿನೈದು ಬಿಲ್ಲುಗಳು ಎರಡೆರಡು ಸಲ ಕೂತಿವೆ. ಅವನ್ನು ತೆಗೆದು ನೋಡಿದರೆ ಎಲ್ಲದರಲ್ಲೂ ಗಿರಾಕಿ ಸ್ವಲ್ಪ ನಗದು, ಸ್ವಲ್ಪ ಯುಪಿಐ ಕೊಟ್ಟಿದ್ದಾರೆ. ಹೀಗೆ ಹಂಚಿ ಪಾವತಿಸುವ ಸೌಲಭ್ಯ ಆ ಅಂಗಡಿಯಲ್ಲಿ ಹಿಂದಿನ ದಿನವಷ್ಟೇ ಶುರುವಾಗಿತ್ತು. ರಾತ್ರಿಯ ಪ್ರೋಗ್ರಾಂ ಬಿಲ್ಲಿನ ಪಟ್ಟಿಯನ್ನು ಪಾವತಿಯ ಪಟ್ಟಿಗೆ ಜೋಡಿಸುತ್ತದೆ. ಒಂದು ಬಿಲ್ಲಿಗೆ ಒಂದೇ ಪಾವತಿ ಇರುವವರೆಗೆ ತೊಂದರೆಯಿರಲಿಲ್ಲ. 3,200 ರೂಪಾಯಿಯ ಬಿಲ್ಲಿಗೆ 2,000 ನಗದು, 1,200 ಯುಪಿಐ ಎಂದು ಎರಡು ಪಾವತಿ ಬಂದಾಗ ಜೋಡಣೆಯಲ್ಲಿ ಎರಡು ಸಾಲುಗಳಾದವು. ಎರಡರಲ್ಲೂ ಬಿಲ್ಲಿನ ಪೂರ್ತಿ ಮೊತ್ತ 3,200 ಬಂದು ಕೂತಿತು. ಕೂಡಿದಾಗ 6,400. ಪಾವತಿಗಳನ್ನು ಮೊದಲು ಬಿಲ್ಲುವಾರು ಒಟ್ಟುಮಾಡಿ ಆಮೇಲೆ ಜೋಡಿಸುವಂತೆ ತಿದ್ದಿದರೆ ಸಾಲುಗಳು 39ಕ್ಕೆ ಇಳಿಯುತ್ತವೆ, ಮೊತ್ತ 88,480ಕ್ಕೆ ಬರುತ್ತದೆ. ದತ್ತಾಂಶದ ಕೆಲಸದಲ್ಲಿರುವವರನ್ನು ಕೇಳಿ ನೋಡಿ, ಮೊತ್ತ ಉಬ್ಬಿದ ಕತೆಗಳಲ್ಲಿ ಈ ಜೋಡಣೆಯ ಕತೆ ಸಿಕ್ಕೇ ಸಿಗುತ್ತದೆ.

ವ್ಯತ್ಯಾಸದ ಆಕಾರ ನೋಡಿಯೇ ಕಾರಣ ಊಹಿಸುವುದನ್ನು ಹಳೆಯ ಗುಮಾಸ್ತರು ಬಲ್ಲವರಾಗಿದ್ದರು. ವ್ಯತ್ಯಾಸ ಒಂಬತ್ತರಿಂದ ಭಾಗವಾದರೆ ಯಾರೋ ಅಂಕಿ ಹಿಂದುಮುಂದು ಬರೆದಿರಬಹುದು ಎಂದು ಅವರು ಹುಡುಕುತ್ತಿದ್ದರು: 5,460ನ್ನು 5,640 ಎಂದು ಬರೆದರೆ ವ್ಯತ್ಯಾಸ 180. ಕ್ಯಾಷಿಯರ್ ಕೈಯಲ್ಲಿ ಟೈಪ್ ಮಾಡುವ ನಗದಿನ ಮೊತ್ತಕ್ಕೆ ಈ ಉಪಾಯ ಇಂದಿಗೂ ನಡೆಯುತ್ತದೆ. ಇನ್ನೊಂದು ಆಕಾರ ಗಡಿಯಾರದ್ದು. ಇಂದು ಎಷ್ಟು ಹೆಚ್ಚಿದೆಯೋ ನಾಳೆ ಹೆಚ್ಚುಕಡಿಮೆ ಅಷ್ಟೇ ಕೊರತೆ ಬಂದರೆ, ಎರಡೂ ಕಡೆ ದಿನ ಮುಗಿಯುವ ಹೊತ್ತು ಬೇರೆ ಎಂದು ಅರ್ಥ. ಸರ್ವರುಗಳು ಸಾಮಾನ್ಯವಾಗಿ ಜಾಗತಿಕ ಸಮಯ ಇಟ್ಟುಕೊಂಡಿರುತ್ತವೆ. ಅವುಗಳ ದಿನ ಮುಗಿಯುವುದು ನಮ್ಮ ಬೆಳಗಿನ ಐದೂವರೆಗೆ. ರಾತ್ರಿ ಹತ್ತಕ್ಕೆ ಬಾಗಿಲು ಹಾಕುವ ಅಂಗಡಿಗೆ ಇದರಿಂದ ಏನೂ ಆಗುವುದಿಲ್ಲ. ಅದೇ ಮಾಲೀಕರು ಆನ್‌ಲೈನಿನಲ್ಲೂ ಮಾರತೊಡಗಿದರೆ ನಡುರಾತ್ರಿಯ ಆರ್ಡರುಗಳು ಒಂದು ಕಡೆ ನಿನ್ನೆಯವು, ಇನ್ನೊಂದು ಕಡೆ ಇಂದಿನವು.

ಕೋವಿಡ್ ಕಾಲದಲ್ಲಿ ಇದನ್ನು ನಾವೆಲ್ಲ ನೋಡಿದ್ದೇವೆ. ಕೇಂದ್ರ ಆರೋಗ್ಯ ಸಚಿವಾಲಯದ ಅಂಕಿ ಬೆಳಿಗ್ಗೆ ಎಂಟು ಗಂಟೆಯವರೆಗಿನದು. ಸ್ವಯಂಸೇವಕರು ನಡೆಸುತ್ತಿದ್ದ covid19india.org ನಮ್ಮ ರಾಜ್ಯದ್ದೂ ಸೇರಿದಂತೆ ಆಯಾ ರಾಜ್ಯಗಳ ದೈನಂದಿನ ಬುಲೆಟಿನ್ ಬಂದ ಹಾಗೆ ಸೇರಿಸುತ್ತಾ ಹೋಗುತ್ತಿತ್ತು. ಸಂಜೆಯ ಹೊತ್ತಿಗೆ ಎರಡರ ನಡುವೆ ಸಾವಿರಾರು ಪ್ರಕರಣಗಳ ಅಂತರ ಕಂಡರೂ ಸುಳ್ಳು ಯಾವುದೂ ಅಲ್ಲ, ಎಣಿಕೆ ನಿಲ್ಲಿಸಿದ ಹೊತ್ತು ಬೇರೆ. ಆದ್ದರಿಂದ ತಾಳೆ ನೋಡುವ ಮೊದಲು ಎರಡೂ ಮೊತ್ತಗಳು ಎಲ್ಲಿಂದ ಎಲ್ಲಿಯವರೆಗಿನವು ಎಂಬುದನ್ನು ಒಂದು ಸಾಲಿನಲ್ಲಿ ಬರೆದಿಟ್ಟುಕೊಳ್ಳಬೇಕು. ಅದನ್ನು ಬರೆಯಲಾಗದಿದ್ದರೆ ಹೋಲಿಕೆಗೆ ಕೂರಲೇಬಾರದು.

ಇಷ್ಟೆಲ್ಲ ಮನುಷ್ಯರೇ ದಿನವೂ ಕೂತು ಮಾಡಿದರೆ ಮೂರು ದಿನ ಮಾಡುತ್ತಾರೆ, ನಾಲ್ಕನೆಯ ದಿನ ಮದುವೆಗೆ ಹೋಗಿರುತ್ತಾರೆ. ಹಾಗಾಗಿ ಹೋಲಿಕೆಯೂ ಪ್ರೋಗ್ರಾಂನದೇ ಕೆಲಸ. ರಾತ್ರಿಯ ಪ್ರೋಗ್ರಾಂ ಹೊಸ ಅಂಕಿಗಳನ್ನು ನೇರ ಡ್ಯಾಶ್‌ಬೋರ್ಡಿಗೆ ಸುರಿಯದೆ ಮರೆಯಲ್ಲಿರುವ ಒಂದು ಕೋಷ್ಟಕದಲ್ಲಿ ಇಡುತ್ತದೆ. ತಾಳೆಯ ಪ್ರೋಗ್ರಾಂ ಅಲ್ಲಿಗೆ ಬಂದು ನೋಡುತ್ತದೆ. ಕೂಡಿದರೆ ಮಾತ್ರ ಅದು ಎದುರಿನ ಕೋಷ್ಟಕಕ್ಕೆ ದಾಟುತ್ತದೆ. ಆಜ್ಞೆಯ ಮಟ್ಟದಲ್ಲಿ ಇಡೀ ವ್ಯವಸ್ಥೆ ಒಂದು ಸಾಲಿನದು:

```
python check.py && python publish.py
```

ನಡುವಿನ ಆ ಎರಡು ಚಿಹ್ನೆಗಳ ಅರ್ಥ, ಮೊದಲನೆಯದು ಸರಿಯಾಗಿ ಮುಗಿದರೆ ಮಾತ್ರ ಎರಡನೆಯದನ್ನು ಶುರುಮಾಡು ಎಂದು. ತಾಳೆಯ ಪ್ರೋಗ್ರಾಂ ವ್ಯತ್ಯಾಸ ಕಂಡು ನಿಂತರೂ, ತಾನೇ ಕೆಟ್ಟು ನಿಂತರೂ ಪ್ರಕಟಣೆ ಆಗುವುದಿಲ್ಲ. ಎಷ್ಟೋ ಕಡೆ ಇದರ ಬದಲು ಮೊದಲು ಪ್ರಕಟಿಸಿ, ಆಮೇಲೆ ಹೋಲಿಸಿ, ವ್ಯತ್ಯಾಸವಿದ್ದರೆ ಮಿಂಚಂಚೆ ಕಳಿಸುತ್ತಾರೆ. ಆ ಮಿಂಚಂಚೆ ತೆರೆಯುವಷ್ಟರಲ್ಲಿ ಮಾಲೀಕರು ತಪ್ಪು ಅಂಕಿ ನೋಡಿ ಲಾರಿಗೆ ಸರಕು ತುಂಬಿಸಿಯೂ ಆಗಿರುತ್ತದೆ.

ಇಲ್ಲೊಂದು ಗುಪ್ತ ಗುಂಡಿ ಇದೆ. ಒಂದು ರಾತ್ರಿ ಬ್ಯಾಂಕಿನ ವರದಿಯೇ ಬರಲಿಲ್ಲ ಎನ್ನಿ. ಎರಡನೆಯ ಮೊತ್ತದ ಜಾಗ ಖಾಲಿ. ಡೇಟಾಬೇಸಿನ ಭಾಷೆಯಲ್ಲಿ ಖಾಲಿ ಎಂದರೆ ಸೊನ್ನೆಯಲ್ಲ, ‘ಗೊತ್ತಿಲ್ಲ’. ಗೊತ್ತಿಲ್ಲದ್ದನ್ನು ಗೊತ್ತಿರುವುದರಿಂದ ಕಳೆದರೆ ಬರುವುದೂ ‘ಗೊತ್ತಿಲ್ಲ’. ‘ವ್ಯತ್ಯಾಸ 100 ರೂಪಾಯಿಗಿಂತ ಹೆಚ್ಚಿದ್ದರೆ ನಿಲ್ಲಿಸು’ ಎಂದು ನಿಯಮ ಬರೆದಿದ್ದರೆ, ‘ಗೊತ್ತಿಲ್ಲ’ ಎಂಬುದು 100ಕ್ಕಿಂತ ಹೆಚ್ಚು ಎಂದು ಸಾಬೀತಾಗುವುದಿಲ್ಲ. ಹಾಗಾಗಿ ನಿಲ್ಲುವುದಿಲ್ಲ, ಪ್ರಕಟಣೆಯಾಗಿಬಿಡುತ್ತದೆ. ನಿಯಮವನ್ನು ತಿರುಗಿಸಿ ಬರೆಯಬೇಕು: ವ್ಯತ್ಯಾಸ 100 ರೂಪಾಯಿ ಅಥವಾ ಅದಕ್ಕಿಂತ ಕಡಿಮೆ ಎಂದು ಸಾಬೀತಾದರೆ ಮಾತ್ರ ಪ್ರಕಟಿಸು. ಅದರ ಜೊತೆಗೆ ಎರಡೂ ಕಡೆ ಆರಕ್ಕೆ ಆರು ಅಂಗಡಿಗಳ ಹೆಸರಿವೆಯೇ ಎಂದೂ ನೋಡಬೇಕು. ಇಲ್ಲದಿದ್ದರೆ ಎರಡೂ ಪಟ್ಟಿಗಳು ಬರಿದಾದ ರಾತ್ರಿ ಹೋಲಿಸಲು ಒಂದೂ ಅಂಗಡಿ ಇರುವುದಿಲ್ಲ, ಒಂದೂ ವ್ಯತ್ಯಾಸ ಸಿಗುವುದಿಲ್ಲ, ಎಲ್ಲವೂ ಸರಿಯಿದೆ ಎಂದು ಹಸಿರು ದೀಪ ಹತ್ತುತ್ತದೆ.

100 ರೂಪಾಯಿ ಎಂಬ ಸಡಿಲಿಕೆ ಎಲ್ಲಿಂದ ಬಂತು? ಶೇಕಡ ಒಂದು ಎಂದು ಸುಮ್ಮನೆ ಇಟ್ಟುಕೊಳ್ಳುವುದು ಸುಲಭ. ಆದರೆ ದಿನಕ್ಕೆ ಐದು ಲಕ್ಷದ ವ್ಯಾಪಾರದಲ್ಲಿ ಶೇಕಡ ಒಂದೆಂದರೆ ಐದು ಸಾವಿರ. ಅಷ್ಟರಲ್ಲಿ ಎರಡು ಬಿಲ್ಲುಗಳು ಆರಾಮಾಗಿ ಅಡಗಿಕೊಳ್ಳುತ್ತವೆ. ಸಡಿಲಿಕೆಗೆ ಒಂದು ಕಾರಣವಿರಬೇಕು, ಆ ಕಾರಣದಷ್ಟೇ ಅಳತೆ ಇರಬೇಕು. ನಗದು ಎಣಿಸುವಲ್ಲಿ ಚಿಲ್ಲರೆಯ ಹೆಚ್ಚುಕಮ್ಮಿ ಉಂಟು, ಆದ್ದರಿಂದ ಅಂಗಡಿಗೆ ನೂರು ರೂಪಾಯಿ. ಬಿಲ್ಲುಗಳ ಎಣಿಕೆಯಲ್ಲಿ ಚಿಲ್ಲರೆಯ ಮಾತೇ ಇಲ್ಲ, ಅಲ್ಲಿ ಸಡಿಲಿಕೆ ಸೊನ್ನೆ. ವಾಪಸಾದ ಬಟ್ಟೆಯ ದುಡ್ಡು ದಿನಗಳ ನಂತರ ಹಳೆಯ ಬಿಲ್ಲಿನ ಮೇಲೆ ಕಳೆಯುವುದುಂಟು. ಹಾಗಾಗಿ ನಿನ್ನೆಯದಷ್ಟೇ ಅಲ್ಲ, ಹಿಂದಿನ ಒಂದು ತಿಂಗಳ ಪ್ರತಿ ದಿನದ ಮೊತ್ತವನ್ನೂ ದಿನವೂ ಮತ್ತೆ ತಾಳೆ ನೋಡುವುದು ಒಳ್ಳೆಯದು. ಕಂಪ್ಯೂಟರಿಗೆ ಅದು ಕ್ಷಣದ ಕೆಲಸ.

ತಾಳೆ ತಪ್ಪಿದ ಬೆಳಿಗ್ಗೆ ಮಾಲೀಕರಿಗೆ ಏನು ಕಾಣಬೇಕು? ಖಾಲಿ ಪರದೆ ಬೇಡ. ಮೊನ್ನೆಯವರೆಗಿನ, ತಾಳೆಯಾದ ಅಂಕಿಗಳು ಹಾಗೇ ಇರಲಿ. ಮೇಲೆ ಎದ್ದು ಕಾಣುವಂತೆ ‘ಮೊನ್ನೆಯವರೆಗಿನ ಲೆಕ್ಕ, ನಿನ್ನೆಯದು ಪರಿಶೀಲನೆಯಲ್ಲಿದೆ’ ಎಂದಿರಲಿ. ಲೆಕ್ಕ ನೋಡಿಕೊಳ್ಳುವವರ ಫೋನಿಗೆ ಹೋಗುವ ಸಂದೇಶದಲ್ಲಿ ಅಂಗಡಿಯ ಹೆಸರು, ಎರಡು ಮೊತ್ತ, ಎರಡು ಎಣಿಕೆ ಇಷ್ಟೂ ಇರಬೇಕು. ‘ತಾಳೆ ವಿಫಲ’ ಎಂದಷ್ಟೇ ಬಂದರೆ ಅವರು ಹಾಸಿಗೆಯಿಂದ ಏಳುವುದಿಲ್ಲ.

ಕೆಲವೊಮ್ಮೆ ವ್ಯತ್ಯಾಸವಿದ್ದರೂ ಪ್ರಕಟಿಸಲೇಬೇಕಾಗುತ್ತದೆ. ಬ್ಯಾಂಕಿಗೆ ರಜೆ, ವರದಿ ಬರುವುದು ನಾಳೆ, ಮಾಲೀಕರಿಗೆ ಅಂಕಿ ಇವತ್ತೇ ಬೇಕು. ಅದಕ್ಕೊಂದು ಕಿಟಕಿ ಇರಲಿ, ಆದರೆ ತೆಗೆದವರ ಹೆಸರು ಮತ್ತು ಕಾರಣ ದಾಖಲಾಗಲಿ, ಆ ದಿನದ ಅಂಕಿಯ ಪಕ್ಕದಲ್ಲಿ ‘ತಾಳೆಯಾಗಿಲ್ಲ’ ಎಂಬ ಗುರುತು ಕಾಣಲಿ. ತಿಂಗಳ ಕೊನೆಗೆ ಆ ದಾಖಲೆ ತೆಗೆದು ನೋಡಿದರೆ ಈ ವ್ಯವಸ್ಥೆಯ ಆರೋಗ್ಯ ತಿಳಿಯುತ್ತದೆ. ಒಂದೆರಡು ಸಲ ತೆರೆದಿದ್ದರೆ ಸರಿ. ಹತ್ತು ಹನ್ನೆರಡು ಸಲ ತೆರೆದಿದ್ದರೆ ನಿಯಮ ಎಲ್ಲೋ ವಾಸ್ತವಕ್ಕೆ ಹೊಂದುತ್ತಿಲ್ಲ. ಆಗ ಜನ ಮಾಡುವುದು ಕಾರಣ ಹುಡುಕುವುದನ್ನಲ್ಲ, ಸಡಿಲಿಕೆಯನ್ನು ನೂರರಿಂದ ಸಾವಿರಕ್ಕೆ, ಸಾವಿರದಿಂದ ಹತ್ತು ಸಾವಿರಕ್ಕೆ ಏರಿಸುವುದು. ಇನ್ನೊಂದು ತುದಿಯಲ್ಲಿ, ವರ್ಷವಾದರೂ ಒಮ್ಮೆಯೂ ನಿಲ್ಲದ ತಾಳೆಯನ್ನೂ ನಂಬಬಾರದು. ದತ್ತಾಂಶದ ನಕಲು ಮಾಡಿಕೊಂಡು, ಒಂದು ಅಂಗಡಿಯ ಮೂರು ಬಿಲ್ಲು ಅಳಿಸಿ, ಇನ್ನೊಂದರ ಎರಡು ಬಿಲ್ಲು ದ್ವಿಗುಣ ಮಾಡಿ, ಬ್ಯಾಂಕಿನ ಕಡತವನ್ನು ಬರಿದು ಮಾಡಿ ಅದರ ಮುಂದಿಡಬೇಕು. ಮೂರು ಸಲವೂ ಅದು ನಿಲ್ಲಿಸಬೇಕು.

ಇಷ್ಟಾದರೂ ಎರಡೂ ಕಡೆ ಇಲ್ಲದ್ದು ತಾಳೆಗೆ ಸಿಗುವುದಿಲ್ಲ. ಬಿಲ್ಲು ಹಾಕದೆ ಒಂದು ಅಂಗಿ ಮಾರಿ, ದುಡ್ಡು ಗಲ್ಲಾಪೆಟ್ಟಿಗೆಗೂ ಹಾಕದೆ ಜೇಬಿಗಿಳಿಸಿದರೆ ಡ್ಯಾಶ್‌ಬೋರ್ಡಿನ ಮೊತ್ತವೂ ಕಡಿಮೆ, ಗಲ್ಲಾಪೆಟ್ಟಿಗೆಯ ಮೊತ್ತವೂ ಅಷ್ಟೇ ಕಡಿಮೆ. ಎರಡೂ ಚೆನ್ನಾಗಿ ಕೂಡುತ್ತವೆ. ಅದು ಸಿಕ್ಕಿಬೀಳುವುದು ಕಪಾಟಿನಲ್ಲಿ ಉಳಿದ ಅಂಗಿಗಳನ್ನು ಎಣಿಸಿದಾಗ ಮಾತ್ರ. ದಾಸ್ತಾನು ಎಣಿಕೆಗೆ ಅಂಗಡಿ ಅರ್ಧ ದಿನ ಮುಚ್ಚಬೇಕು, ಆದ್ದರಿಂದ ಅದನ್ನು ತಿಂಗಳಿಗೋ ಮೂರು ತಿಂಗಳಿಗೋ ಒಮ್ಮೆ ಮಾಡುತ್ತಾರೆ. ಡ್ಯಾಶ್‌ಬೋರ್ಡಿನ ದಿನನಿತ್ಯದ ತಾಳೆಗೆ ಅದು ಒಗ್ಗದು. ಎಣಿಕೆ ಮುಗಿದ ದಿನ ಬಂದ ಕೊರತೆಯನ್ನು ಅಂಗಡಿವಾರು ಇನ್ನೊಂದು ಅಂಕಣದಲ್ಲಿ ತೋರಿಸಿ, ಎಣಿಸಿದ ದಿನಾಂಕವನ್ನೂ ಅದರ ಕೆಳಗೆ ಬರೆಯುವುದು ಬಲ್ಲವರ ಪದ್ಧತಿ.